ಚಾರಣದ ಮುಂದಾಳುವಿಗೆ ತೂಕದ ಪಟ್ಟಿ: ಯಾರ ಬೆನ್ನಿಗೆ ಎಷ್ಟು?

ಎಂಟು ಜನರ ತಂಡವೊಂದು ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದ ಬಸ್ ಹಿಡಿದು, ಪಶ್ಚಿಮ ಘಟ್ಟದಲ್ಲಿ ಅನುಮತಿಯಿರುವ ಜಾಗದಲ್ಲಿ ಒಂದು ರಾತ್ರಿ ಟೆಂಟ್ ಹಾಕಿ ಮರಳುವುದೆಂದು ಇಟ್ಟುಕೊಳ್ಳೋಣ. ಮುಂದಾಳುವಿನ ಕೆಲಸ ಹಿಂದಿನ ಭಾನುವಾರವೇ ಶುರುವಾಗಬೇಕು. ಅದಕ್ಕೆ ಲಗೇಜು ತೂಗುವ ಕೊಕ್ಕೆಯ ತಕ್ಕಡಿಯೊಂದಿದ್ದರೆ ಸಾಕು.

ಮೊದಲು ಸ್ವಂತ ಸಾಮಾನನ್ನು ತೂಗಿಸಿ. ಖಾಲಿ ಬ್ಯಾಗು, ಸ್ಲೀಪಿಂಗ್ ಬ್ಯಾಗು, ಚಾಪೆ, ರೇನ್‌ಕೋಟು, ಒಂದು ಜೊತೆ ಒಣ ಬಟ್ಟೆ, ಟಾರ್ಚು ಎಲ್ಲ ಸೇರಿ 5 ಕಿಲೋ ಮೀರಬಾರದು. ಇದರ ಮೇಲೆ 3 ಲೀಟರ್ ನೀರೆಂದರೆ ಇನ್ನೂ 3 ಕಿಲೋ. ತೂಕ ಹೆಚ್ಚಾಯಿತೆಂದು ನೀರನ್ನು ಕಡಿಮೆ ಮಾಡಲು ಯಾರಿಗೂ ಬಿಡಬೇಡಿ. ಎರಡನೆಯ ಜೀನ್ಸ್ ಪ್ಯಾಂಟನ್ನು ತೆಗೆಸಿ.

ಎರಡನೆಯದು ತಂಡದ ಸಾಮಾನು. ಮೂವರು ಮಲಗುವ ಮೂರು ಟೆಂಟುಗಳು 9 ಕಿಲೋ, ಎರಡು ದಿನದ ಊಟ ತಿಂಡಿ 8.8, ಟಾರ್ಪಾಲು 1.6, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ 0.6, ಒಲೆ ಮತ್ತು ಪಾತ್ರೆ 4. ಒಟ್ಟು 24 ಕಿಲೋ, ಅಂದರೆ ತಲೆಗೆ 3. ಇಲ್ಲಿ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಬೇಕು: ಇದಿಲ್ಲದಿದ್ದರೆ ಯಾರಿಗಾದರೂ ಅಪಾಯವೇ, ಅಥವಾ ಬರೀ ಅನನುಕೂಲವೇ? ಒಲೆಯಿಲ್ಲದಿದ್ದರೆ ತಪ್ಪುವುದು ಬಿಸಿ ಚಹಾ ಮಾತ್ರ, ಮೇಲಾಗಿ ಕಾಡಿನಲ್ಲಿ ಬೆಂಕಿ ಹೊತ್ತಿಸುವುದೇ ಸಲ್ಲದು. ಚಪಾತಿ, ಚಟ್ನಿಪುಡಿ, ಅವಲಕ್ಕಿ, ಕಡಲೆಕಾಯಿ ಚಿಕ್ಕಿಯಲ್ಲಿ ಎರಡು ದಿನ ಧಾರಾಳವಾಗಿ ಕಳೆಯುತ್ತದೆ. ಒಲೆ ಬಿಟ್ಟರೆ ಒಟ್ಟು 20 ಕಿಲೋ, ತಲೆಗೆ ಎರಡೂವರೆ.

ಮೂರನೆಯ ಹಂತವನ್ನೇ ಹಲವರು ಮರೆಯುತ್ತಾರೆ. ಸಮನಾಗಿ ಹಂಚಿದರೆ ಎಲ್ಲರ ಬೆನ್ನ ಮೇಲೂ ಹತ್ತೂವರೆ ಕಿಲೋ ಕೂರುತ್ತದೆ, ಆದರೆ ಎಲ್ಲರ ದೇಹ ಸಮನಲ್ಲ. ದೇಹತೂಕದ ಐದನೆಯ ಒಂದು ಭಾಗವನ್ನು ನಾನು ಮಿತಿಯೆಂದು ಇಟ್ಟುಕೊಳ್ಳುತ್ತೇನೆ. ಮೊದಲ ಸಲ ಬರುವವರಿಗೆ ಅದಕ್ಕಿಂತ ಕಡಿಮೆಯೇ ಒಳ್ಳೆಯದು. 48 ಕಿಲೋ ತೂಗುವವರ ಮಿತಿ 9.6, ಅವರ ಪಾಲಿನಿಂದ 0.9 ಕಿಲೋ ತೆಗೆದು 75 ಕಿಲೋ ತೂಗುವವರಿಗೆ ಕೊಟ್ಟರೆ ಅವರದು 11.4 ಆಗುತ್ತದೆ, ಅವರ ಮಿತಿ 15.

ಯಾವುದನ್ನು ಯಾರಿಗೆ ಎಂಬುದೂ ಮುಖ್ಯ. ಊಟದ ಗಂಟು ಹೊತ್ತಿಗೊಮ್ಮೆ ಹಗುರಾಗುತ್ತದೆ, ಟೆಂಟ್ ಮಾತ್ರ ಇಬ್ಬನಿಯಲ್ಲಿ ನೆನೆದು ಬೆಳಿಗ್ಗೆ ಇನ್ನಷ್ಟು ಭಾರವಾಗುತ್ತದೆ. ಹಾಗಾಗಿ ಊಟ ಸಣ್ಣ ಮೈಯವರಿಗೆ, ಟೆಂಟ್ ಗಟ್ಟಿಮುಟ್ಟಾದವರಿಗೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲರಿಗಿಂತ ಹಿಂದೆ ನಡೆಯುವವರ ಬಳಿಯಿರಲಿ. ಕಾಲು ಉಳುಕಿದವರು ಹಿಂದೆ ಉಳಿಯುತ್ತಾರೆಯೇ ಹೊರತು ಮುಂದೆ ಓಡುವುದಿಲ್ಲ.

ಏರು ಹತ್ತುವಾಗ ಯಾರಾದರೂ ಹೆಬ್ಬೆರಳುಗಳನ್ನು ಹೆಗಲ ಪಟ್ಟಿಯ ಕೆಳಗೆ ತೂರಿಸಿ ಎತ್ತಿ ಹಿಡಿದು ನಡೆಯುತ್ತಿದ್ದರೆ, ಭಾರ ಹೆಗಲನ್ನು ಕಡಿಯುತ್ತಿದೆ ಎಂದರ್ಥ. ಅಲ್ಲೇ ನಿಲ್ಲಿಸಿ ಸೊಂಟದ ಬೆಲ್ಟ್ ಬಿಗಿ ಮಾಡಿಸಿ, ಆಗಲೂ ಕೈ ಅಲ್ಲಿಗೇ ಹೋದರೆ ಒಂದು ಕಿಲೋ ಇಳಿಸಿ ಬೇರೆಯವರ ಬ್ಯಾಗಿಗೆ ಹಾಕಿ.