ಹಸು ಕರು ಹಾಕುವ ದಿನದ ಲೆಕ್ಕ ಸರಿಹೋದ ಬಗೆ

ಲೆಕ್ಕ ತಪ್ಪುತ್ತಿದ್ದದ್ದು ಒಂದೇ ಕಡೆ: ಹಸು ಮತ್ತೆ ಬೆದೆಗೆ ಬಂದು ಇನ್ನೊಮ್ಮೆ ಸೆಮೆನ್ ಕೊಡಿಸಿದರೂ ಕ್ಯಾಲೆಂಡರ್‌ನಲ್ಲಿ ಮೊದಲ ತಾರೀಖೇ ಉಳಿದಿತ್ತು. ಈಗ ಕೊನೆಯ ಸಲ ಕೊಡಿಸಿದ ದಿನದಿಂದಲೇ ಎಣಿಕೆ.

ಉದಾಹರಣೆಗೆ, ಮಾರ್ಚ್ 1ರ ಸಂಜೆ ಹಸುವಿಗೆ ಗಾಜಿನಂಥ ಲೋಳೆ ಇಳಿದು, ಬೇರೆ ಹಸು ಮೇಲೇರಿದರೂ ಅಲುಗದೆ ನಿಂತರೆ 2ರ ಬೆಳಿಗ್ಗೆ ಸೆಮೆನ್ ಕೊಡಿಸಬೇಕು. ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂತೇ ಎಂದು ಮಾರ್ಚ್ 20ರಿಂದ 26ರವರೆಗೆ ಬೆಳಗಿನ ಜಾವ, ರಾತ್ರಿ ತಲಾ ಅರ್ಧ ಗಂಟೆ ಗಮನವಿಡಿ. ಎಷ್ಟೋ ಹಸುಗಳ ಬೆದೆ ರಾತ್ರಿಯೇ ಮುಗಿದು, ಬಾಲಕ್ಕಂಟಿ ಒಣಗಿದ ಲೋಳೆಯಷ್ಟೇ ಬೆಳಿಗ್ಗೆ ಕಾಣುತ್ತದೆ. ಏಪ್ರಿಲ್ 13ರ ಆಸುಪಾಸು ಇನ್ನೊಮ್ಮೆ ನೋಡಿ. ಬೆದೆ ಕಾಣದ ಮಾತ್ರಕ್ಕೆ ಗಬ್ಬ ಎಂದು ಬರೆಯಬೇಡಿ. ಮೇ ಮೊದಲ ವಾರ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ.

ಗಬ್ಬ ನಿಂತಿದ್ದರೆ 280 ದಿನಕ್ಕೆ, ಅಂದರೆ ಡಿಸೆಂಬರ್ 7ರ ಹಿಂದೆಮುಂದೆ ಕರು. ಅದಕ್ಕೆ 60 ದಿನ ಮೊದಲು, ಅಕ್ಟೋಬರ್ 8ಕ್ಕೆ ಹಾಲು ಬತ್ತಿಸಬೇಕು.