ಬಸ್ ಯಾರ ಕೈಗೆ, ಎಷ್ಟು ಹೊತ್ತು? ಲೆಕ್ಕ ಹಾಕುವ ಕ್ರಮ

ಪ್ರೊಸೆಸರ್, ಮೆಮೊರಿ, ಡಿಸ್ಕ್ ಕಂಟ್ರೋಲರ್, ನೆಟ್‌ವರ್ಕ್ ಕಾರ್ಡ್ ಎಲ್ಲವೂ ಬಸ್ ಎಂಬ ಒಂದೇ ತಂತಿಗಳ ಕಟ್ಟಿಗೆ ಜೋತುಬಿದ್ದಾಗ ಎರಡು ಪ್ರಶ್ನೆ ಬರುತ್ತವೆ. ಡೇಟಾ ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ? ಇಬ್ಬರು ಒಟ್ಟಿಗೆ ಬಸ್ ಕೇಳಿದರೆ ಯಾರಿಗೆ ಕೊಡುವುದು? ಎರಡಕ್ಕೂ ಪಠ್ಯಪುಸ್ತಕಗಳಲ್ಲಿ ಕೋಷ್ಟಕಗಳಿವೆ, ಆದರೆ ಅಂಕಿ ಹಾಕಿ ನೋಡದೆ ವ್ಯತ್ಯಾಸ ಮನಸ್ಸಿಗೆ ಇಳಿಯುವುದಿಲ್ಲ.

ಮೊದಲು ಕ್ಲಾಕ್ ಲೆಕ್ಕ

50 ಮೆಗಾಹರ್ಟ್ಸ್ ಕ್ಲಾಕ್ ಇರುವ, ಎಲ್ಲವೂ ಆ ಕ್ಲಾಕ್‌ನ ತಾಳಕ್ಕೇ ನಡೆಯುವ ಸಿಂಕ್ರೊನಸ್ ಬಸ್ ತೆಗೆದುಕೊಳ್ಳಿ. ಒಂದು ಸುತ್ತಿಗೆ 20 ನ್ಯಾನೋಸೆಕೆಂಡ್. ಮುಂದಿನ ಸಮಯಗಳೆಲ್ಲ ನ್ಯಾನೋಸೆಕೆಂಡ್‌ನಲ್ಲೇ. ಒಂದು ಓದುವಿಕೆಗೆ ಮೂರು ಸುತ್ತು, ಅಂದರೆ 60 ಎಂದು ನಿಗದಿಯಾಗಿದೆ ಎಂದುಕೊಳ್ಳೋಣ. ಈಗ ದಾರಿಯ ಖರ್ಚು ಕೂಡಿಸಿ: ವಿಳಾಸ ಹೊರಟು ಮೆಮೊರಿ ತಲುಪಲು 6, ಡೇಟಾ ವಾಪಸ್ ಬರಲು 5, ಓದುವ ಅಂಚಿಗೆ ಮುಂಚೆ ಡೇಟಾ ಅಲುಗದೆ ನಿಲ್ಲಬೇಕಾದ ಸಮಯ 4, ಎರಡು ತುದಿಗಳಲ್ಲಿ ಕ್ಲಾಕ್ ಹಿಂದುಮುಂದಾಗುವುದಕ್ಕೆ 3. ಒಟ್ಟು 18. ಮೆಮೊರಿಗೆ 40 ಬೇಕಾದರೆ ಮೊತ್ತ 58; 60ರೊಳಗೆ ಹಿಡಿಯಿತು, ಕೈಯಲ್ಲಿ 2 ಉಳಿಯಿತು.

ದುಡ್ಡು ಕೊಟ್ಟು 30ರ ಮೆಮೊರಿ ತಂದು ಹಾಕಿದರೆ? ಮೊತ್ತ 48ಕ್ಕೆ ಇಳಿಯುತ್ತದೆ, ಆದರೆ ಓದುವಿಕೆಗೆ ಆಗಲೂ 60ಯೇ. ಕ್ಲಾಕ್ ಸುತ್ತನ್ನು ಅರ್ಧಕ್ಕೆ ಕತ್ತರಿಸಲು ಬರುವುದಿಲ್ಲ. 70ರ ಮೆಮೊರಿ ಹಾಕಿದರೆ ಮೊತ್ತ 88. ಆಗ ಮೆಮೊರಿ ವೇಯ್ಟ್ ಗೆರೆಯನ್ನು ಎಳೆದು ಎರಡು ಸುತ್ತು ಹೆಚ್ಚುವರಿಯಾಗಿ ಕೇಳಬೇಕು, ಖರ್ಚು 100. ಒಂದೇ ಸುತ್ತು ಸೇರಿಸಿ 80ಕ್ಕೆ ನಿಲ್ಲಿಸಿದರೆ ಪ್ರೊಸೆಸರ್ ಇನ್ನೂ ಬದಲಾಗುತ್ತಿರುವ ಡೇಟಾವನ್ನು ಓದುತ್ತದೆ. ಈ ದೋಷ ಬೋರ್ಡ್ ತಣ್ಣಗಿದ್ದಾಗ ಕಾಣದೆ, ಬಿಸಿಯಾದಾಗ ಕಾಣಿಸುವುದುಂಟು. ಬಿಸಿಗೆ ಚಿಪ್‌ಗಳು ನಿಧಾನವಾಗುತ್ತವೆ.

ಅದೇ ಓದು, ಕ್ಲಾಕ್ ಇಲ್ಲದೆ

ಅಸಿಂಕ್ರೊನಸ್ ಬಸ್‌ನಲ್ಲಿ ಕೊಡುಕೊಳ್ಳುವಿಕೆ ನಾಲ್ಕು ಸನ್ನೆಗಳಲ್ಲಿ ನಡೆಯುತ್ತದೆ. ಓದಲು ಕೇಳುವ ಮಾಸ್ಟರ್ ವಿಳಾಸ ಇಟ್ಟು, ಎಲ್ಲ ಗೆರೆಗಳೂ ನೆಲೆಗೊಳ್ಳಲು 10 ಕಾದು, ‘ಮಾಸ್ಟರ್ ಸಿಂಕ್’ ಎತ್ತುತ್ತದೆ. ಉತ್ತರ ಕೊಡುವ ಸ್ಲೇವ್ ಡೇಟಾ ಇಟ್ಟು ‘ಸ್ಲೇವ್ ಸಿಂಕ್’ ಎತ್ತುತ್ತದೆ. ಮಾಸ್ಟರ್ 5 ತಡೆದು ಡೇಟಾ ಹಿಡಿದು ತನ್ನ ಗೆರೆ ಇಳಿಸುತ್ತದೆ. ಅದನ್ನು ಕಂಡ ಮೇಲೆ ಸ್ಲೇವ್ ತನ್ನದನ್ನು ಇಳಿಸುತ್ತದೆ. ಪ್ರತಿ ಸನ್ನೆಗೂ ತಂತಿಯಲ್ಲಿ 5 ಹಿಡಿದರೆ ನಾಲ್ಕಕ್ಕೆ 20. ಕಾಯುವ 15 ಸೇರಿ 35. ಅಂದರೆ 30ರ ಮೆಮೊರಿಗೆ 65, 40ಕ್ಕೆ 75, 70ಕ್ಕೆ 105.

ಗಮನಿಸಿ, ಮೂರೂ ಕಡೆ ಸಿಂಕ್ರೊನಸ್ ಬಸ್ಸೇ ಮುಂದಿದೆ. ‘ಅಸಿಂಕ್ರೊನಸ್ ಎಂದರೆ ವೇಗ’ ಎಂಬ ಮಾತನ್ನು ಹಾಗೆಯೇ ನಂಬಬಾರದು. ಅದರ ನಿಜವಾದ ಲಾಭ ಬೇರೆ. ತಂತಿ ಉದ್ದವಾಗಿ 5ರ ಬದಲು 20 ಹಿಡಿಯಿತು ಎನ್ನಿ. ಸಿಂಕ್ರೊನಸ್ ಲೆಕ್ಕದಲ್ಲಿ ಹೋಗಿಬರಲು 30 ಹೆಚ್ಚಿ, 58 ಇದ್ದದ್ದು 88 ಆಗುತ್ತದೆ. ಮೂರು ಸುತ್ತಿಗೆ ಓದಿದರೆ ತಪ್ಪು ಡೇಟಾ. ಅಸಿಂಕ್ರೊನಸ್ ಬಸ್‌ನಲ್ಲಿ 75 ಇದ್ದದ್ದು 135 ಆಗುತ್ತದೆ, ನಿಧಾನ, ಆದರೆ ಡೇಟಾ ಸರಿ. ಸನ್ನೆಗಳು ತಾವೇ ಹೊಂದಿಕೊಂಡವು, ಯಾರೂ ಲೆಕ್ಕ ತಿದ್ದಬೇಕಾಗಲಿಲ್ಲ.

ಕೆಡುವ ರೀತಿಯೂ ಬೇರೆಬೇರೆ. ಯಾವ ಸಾಧನವೂ ಇಲ್ಲದ ವಿಳಾಸ ಓದಿದರೆ ಸಿಂಕ್ರೊನಸ್ ಬಸ್ ಸಮಯಕ್ಕೆ ಸರಿಯಾಗಿ ಕಸವನ್ನು ತಂದುಕೊಡುತ್ತದೆ. ಗೆರೆಗಳನ್ನು 1ರ ಕಡೆಗೆ ಎಳೆದಿಡುವ ಪುಲ್‌ಅಪ್ ಇದ್ದರೆ ಎಲ್ಲ ಬಿಟ್‌ಗಳೂ 1. ಅಸಿಂಕ್ರೊನಸ್ ಬಸ್ ಉತ್ತರಕ್ಕೆ ಕಾಯುತ್ತ ಕೂತುಬಿಡುತ್ತದೆ. ಅದಕ್ಕೇ ಸಮಯ ಮೀರಿದಾಗ ದೋಷದ ಸನ್ನೆ ಕೊಡುವ ಟೈಮರ್ ಕಡ್ಡಾಯ.

ಸರದಿ ಹಂಚುವುದು: ಡೇಸಿ ಚೈನ್

ಇಲ್ಲಿ ಬಸ್ ಯಾರಿಗೆ ಎಂದು ತೀರ್ಮಾನಿಸುವ ಆರ್ಬಿಟರ್ ಒಂದೇ. ಎಲ್ಲ ಕಾರ್ಡ್‌ಗಳೂ ಹಂಚಿಕೊಂಡ ಒಂದೇ ಗೆರೆಯಲ್ಲಿ ಬಸ್ ಕೇಳುತ್ತವೆ. ಆರ್ಬಿಟರ್ ಕೊಡುವ ಅನುಮತಿ ಮಾತ್ರ ಕಾರ್ಡ್‌ನಿಂದ ಕಾರ್ಡ್‌ಗೆ ಸಾಗುತ್ತದೆ. ಬೇಕಾದ ಕಾರ್ಡ್ ಅದನ್ನು ತಡೆದು, ಬಸ್ ಈಗ ಬಳಕೆಯಲ್ಲಿದೆ ಎಂದು ಸಾರುವ ‘ಬಿಜಿ’ ಗೆರೆ ಎತ್ತುತ್ತದೆ. ಬೇಡವಾದದ್ದು ಮುಂದಕ್ಕೆ ದಾಟಿಸುತ್ತದೆ. ಎಷ್ಟು ಕಾರ್ಡ್ ಇದ್ದರೂ ಹೆಚ್ಚುವರಿ ಗೆರೆ ಮೂರೇ. ಆರ್ಬಿಟರ್‌ಗೆ ಹತ್ತಿರ ಕೂತವರಿಗೆ ಆದ್ಯತೆ.

ಒಳಬರುವ ಅನುಮತಿ `bgin`, ಮುಂದಕ್ಕೆ ದಾಟಿಸುವುದು `bgout`, ಕಾರ್ಡ್‌ನ ಬೇಡಿಕೆ `req` ಎನ್ನಿ. ಕಾರ್ಡ್‌ನೊಳಗಿನ ತರ್ಕವನ್ನು ವೆರಿಲಾಗ್‌ನಲ್ಲಿ ಹೀಗೆ ಬರೆಯುವ ಆಸೆ ಎಲ್ಲರಿಗೂ ಬರುತ್ತದೆ:

```
assign bgout = bgin & ~req;
```

ಇದರಲ್ಲಿ ಅಪಾಯವಿದೆ. ಅನುಮತಿ ಎರಡನೇ ಕಾರ್ಡ್ ದಾಟಿ ಮೂರನೆಯದನ್ನು ತಲುಪಿದೆ. ಆ ಕ್ಷಣಕ್ಕೇ ಎರಡನೆಯದಕ್ಕೂ ಬಸ್ ಬೇಕೆನಿಸಿತು. ಮೂರನೆಯದಕ್ಕೆ ಒಂದು ತುಂಡು ಅನುಮತಿ ಸಿಕ್ಕಿತು, ಎರಡನೆಯದಕ್ಕೆ ಪೂರ್ತಿ ಸಿಕ್ಕಿತು. ಇಬ್ಬರೂ ಬಸ್ ಏರಿ ಡೇಟಾ ಗೆರೆಗಳಲ್ಲಿ ಜಗಳವಾಡುತ್ತಾರೆ. ಪರಿಹಾರ: ಅನುಮತಿಯ ಅಂಚು ಬಂದಾಗ ಒಮ್ಮೆ ಮಾತ್ರ ಬೇಡಿಕೆಯನ್ನು ನೋಡಿ, ಆ ತೀರ್ಮಾನಕ್ಕೆ ಅಂಟಿಕೊಳ್ಳಿ.

```
always @(posedge bgin) mine <= req;
assign bgout = bgin_d & ~mine;
```

`bgin_d` ಎಂದರೆ ತುಸು ತಡಮಾಡಿದ `bgin`. ಬೇಡಿಕೆ ಮತ್ತು ಅನುಮತಿ ಒಟ್ಟೊಟ್ಟಿಗೆ ಬಂದರೆ ಫ್ಲಿಪ್‌ಫ್ಲಾಪ್ ಸ್ವಲ್ಪ ಹೊತ್ತು 0 ಮತ್ತು 1ರ ನಡುವೆ ತೂಗಾಡುತ್ತದೆ. ಅದು ನೆಲೆಗೊಳ್ಳಲು ಈ ತಡ ಬೇಕು. ಪ್ರತಿ ಕಾರ್ಡ್‌ಗೆ 15 ಹಿಡಿದರೆ ಎಂಟನೆಯದಕ್ಕೆ ಅನುಮತಿ ಮುಟ್ಟಲು ಸುಮಾರು 105. ಮುಂಚಿನ ಏಳು ಕಾರ್ಡ್‌ಗಳನ್ನು ದಾಟಬೇಕಲ್ಲ.

ಸರಪಳಿ ಎಲ್ಲಾದರೂ ಕಡಿದರೆ ಆಚೆಯವರಿಗೆ ಬಸ್ ಎಂದೂ ಸಿಗದು. 1981ರಲ್ಲಿ ಬಂದ ವಿಎಂಇ ಬಸ್ ಇದಕ್ಕೆ ಹೆಸರುವಾಸಿ. ಅಲ್ಲಿ ನಾಲ್ಕು ಹಂತದ ಅನುಮತಿ ಸರಪಳಿ, ಜತೆಗೆ ಇಂಟರಪ್ಟ್ ಅಂಗೀಕಾರದ್ದೊಂದು. ಕಾರ್ಡ್‌ಗಳನ್ನು ಸಿಕ್ಕಿಸುವ ಹಳೆಯ ಬ್ಯಾಕ್‌ಪ್ಲೇನ್‌ಗಳಲ್ಲಿ, ಸರಪಳಿ ಕಡಿಯದಂತೆ ನಡುವಿನ ಪ್ರತಿ ಖಾಲಿ ಸ್ಲಾಟ್‌ಗೂ ಐದು ಜಂಪರ್ ಹಾಕಬೇಕು. ಮರೆತರೆ ಲಕ್ಷಣ ಸ್ಪಷ್ಟ: ಆರ್ಬಿಟರ್ ಇರುವ ಎಡಗಡೆಯ ಕಾರ್ಡ್‌ಗಳು ಚೆನ್ನಾಗಿರುತ್ತವೆ, ಬಲಗಡೆಯವು ಬೇಡಿಕೆ ಹಿಡಿದೇ ಇರುತ್ತವೆ, ಆರ್ಬಿಟರ್ ಅನುಮತಿ ಕೊಟ್ಟಿರುತ್ತದೆ, ಆದರೆ ಬಿಜಿ ಗೆರೆ ಅಲುಗುವುದಿಲ್ಲ. ಆಸಿಲೋಸ್ಕೋಪ್‌ನ ಪ್ರೋಬ್ ಹಿಡಿದು ಒಂದೊಂದೇ ಸ್ಲಾಟ್‌ನ ಒಳಗೆ-ಹೊರಗೆ ನೋಡುತ್ತ ಹೋದರೆ ಅನುಮತಿ ನಿಂತ ಜಾಗ ಸಿಗುತ್ತದೆ.

ಅಥವಾ ಪೋಲಿಂಗ್

ಪೋಲಿಂಗ್‌ನಲ್ಲಿ ಅನುಮತಿ ಸಾಗುವುದಿಲ್ಲ. ಬೇಡಿಕೆ ಬಂದೊಡನೆ ಆರ್ಬಿಟರ್ ಕಾರ್ಡ್‌ಗಳ ಸಂಖ್ಯೆಯನ್ನು ಒಂದರ ಮೇಲೊಂದು ಕೂಗುತ್ತದೆ; ಎಂಟು ಕಾರ್ಡ್‌ಗೆ ಮೂರು ಗೆರೆ ಸಾಕು. ತನ್ನ ಸಂಖ್ಯೆ ಬಂದಾಗ ಬೇಕಾದ ಕಾರ್ಡ್ ಬಿಜಿ ಎತ್ತುತ್ತದೆ, ಎಣಿಕೆ ನಿಲ್ಲುತ್ತದೆ. ಪ್ರತಿ ಸಲ 0ಯಿಂದ ಶುರುಮಾಡಿದರೆ ಸ್ಥಿರ ಆದ್ಯತೆ. ಹಿಂದೆ ನಿಂತ ಸಂಖ್ಯೆಯ ಮುಂದಿನದರಿಂದ ಶುರುಮಾಡಿದರೆ ಸರದಿ, ಯಾರೂ ಉಪವಾಸ ಬೀಳುವುದಿಲ್ಲ. ಒಂದು ಕಾರ್ಡ್ ಕಿತ್ತರೂ ಉಳಿದವು ನಡೆಯುತ್ತವೆ. ಒಂಬತ್ತನೆಯದು ಬಂದರೆ ಮಾತ್ರ ನಾಲ್ಕನೇ ಗೆರೆ ಎಳೆಯಬೇಕು.

ಎಣಿಕೆಯ ವೇಗವನ್ನು ಹೀಗೆ ಹುಡುಕಿ: ಸಂಖ್ಯೆ ತಲುಪಲು 5, ಕಾರ್ಡ್ ಗುರುತಿಸಲು 10, ಬಿಜಿ ವಾಪಸ್ ಬರಲು 5, ಎಣಿಕೆ ನಿಲ್ಲಲು 5. ಒಟ್ಟು 25, ಹಾಗಾಗಿ ಒಂದು ಸಂಖ್ಯೆಗೆ ಎರಡು ಸುತ್ತು, 40 ಕೊಡಿ. 20ಕ್ಕೆ ಇಳಿಸಿದರೆ ಮೂರನೇ ಕಾರ್ಡ್‌ನ ಉತ್ತರ ಬರುವಷ್ಟರಲ್ಲಿ ನಾಲ್ಕು ಕೂಗಾಗಿರುತ್ತದೆ, ಅದೂ ಬಸ್ ಹಿಡಿಯುತ್ತದೆ. ಎಂಟೂ ಸಂಖ್ಯೆಗೆ ಕೆಟ್ಟ ಪಕ್ಷ 320, ಡೇಸಿ ಚೈನ್‌ನ ಮೂರು ಪಟ್ಟು. ಹಿಂದಿನ ಓದು ನಡೆಯುತ್ತಿರುವಾಗಲೇ ಮುಂದಿನವರನ್ನು ಆರಿಸಿಟ್ಟರೆ ಇದರಲ್ಲಿ ಒಂದಿಷ್ಟು ಮುಚ್ಚಿಹೋಗುತ್ತದೆ. ಆದರೆ ಆಗ ಆಯ್ಕೆಯಾದದ್ದನ್ನು ಹೇಳಲು ಬಿಜಿ ಅಲ್ಲದೆ ಇನ್ನೊಂದು ಗೆರೆ ಬೇಕು.

ಇನ್ನೊಂದು ಸೂಕ್ಷ್ಮ. 3ರಿಂದ 4ಕ್ಕೆ, ಅಂದರೆ `011`ರಿಂದ `100`ಕ್ಕೆ ಹೋಗುವಾಗ ಮೂರೂ ಗೆರೆ ಬದಲಾಗುತ್ತವೆ. ಒಂದು ಬೇಗ, ಇನ್ನೊಂದು ತಡವಾದರೆ ನಡುವೆ ಕ್ಷಣಕಾಲ `111` ಕಾಣಿಸಿ, ಏಳನೇ ಕಾರ್ಡ್ ತನ್ನ ಸರದಿ ಎಂದು ಹಾರುತ್ತದೆ. ಒಂದು ಸಲಕ್ಕೆ ಒಂದೇ ಬಿಟ್ ಬದಲಾಗುವ ಗ್ರೇ ಕೋಡ್ ಕ್ರಮದಲ್ಲಿ ಎಣಿಸಿ, ಇಲ್ಲವೇ ಸಂಖ್ಯೆ ನೆಲೆಗೊಂಡ ಮೇಲೆ ಏರುವ ಸ್ಟ್ರೋಬ್ ಗೆರೆಯೊಂದನ್ನು ಸೇರಿಸಿ.