ಎಸಿ ಬೆಡ್‌ರೂಮಿಗೆ ಏರ್ ಪ್ಯೂರಿಫೈಯರ್: ಡಬ್ಬದ ಚದರ ಅಡಿ ಬಿಡಿ, ಈ ಲೆಕ್ಕ ಹಾಕಿ

ನಾನು ಮೊದಲು ಕೊಂಡ ಪ್ಯೂರಿಫೈಯರ್ ಡಬ್ಬದ ಮೇಲೆ ‘300 ಚದರ ಅಡಿಗೆ ಸಾಕು’ ಎಂದು ದೊಡ್ಡದಾಗಿ ಬರೆದಿತ್ತು. ನಮ್ಮ ಬೆಡ್‌ರೂಮ್ ಇರುವುದೇ 132 ಚದರ ಅಡಿ. ಧಾರಾಳ ಅಲ್ವಾ ಅಂದುಕೊಂಡೆ. ರಾತ್ರಿ ಅದು ಪೂರ್ತಿ ವೇಗದಲ್ಲಿ ಹೊರಡಿಸಿದ ಸದ್ದಿಗೆ ಮನೆಯವರು ಎದ್ದು ಸ್ಲೀಪ್ ಮೋಡ್‌ಗೆ ಹಾಕಿದರು. ನನ್ನ ಲೆಕ್ಕ ತಪ್ಪಿದ್ದು ಅಲ್ಲೇ.

ಎಸಿ ಇದ್ದರೆ ಗಾಳಿ ಶುದ್ಧವಾಗಿರುತ್ತದೆ ಎಂದು ಹಲವರು ನಂಬಿದ್ದಾರೆ. ಮನೆಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ. ಅದರ ಜಾಲರಿ ಹಿಡಿಯುವುದು ಕೂದಲು, ದಪ್ಪ ಧೂಳು ಅಷ್ಟೇ. ಹೊಗೆಯಂಥ ಸಣ್ಣ ಕಣ ಸಲೀಸಾಗಿ ದಾಟಿಹೋಗುತ್ತದೆ. ಆ ಕೆಲಸಕ್ಕೇ ಪ್ಯೂರಿಫೈಯರ್ ಬೇಕು.

ಮೊದಲು ರೂಮನ್ನು ಅಳೆಯಿರಿ

ಉದ್ದ, ಅಗಲದ ಜೊತೆ ಎತ್ತರವನ್ನೂ ಅಳೆಯಿರಿ. ಚದರ ಅಡಿಯ ಲೆಕ್ಕವನ್ನು ಸಾಮಾನ್ಯವಾಗಿ 8 ಅಡಿ ಎತ್ತರಕ್ಕೆ ಹಾಕಿರುತ್ತಾರೆ. ನಮ್ಮ ರೂಮು 12 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಮೂರನ್ನೂ ಗುಣಿಸಿದರೆ 1,320 ಘನ ಅಡಿ. ಇದನ್ನು 35.3ರಿಂದ ಭಾಗಿಸಿದರೆ ಸುಮಾರು 37 ಘನ ಮೀಟರ್. ಬೀರು, ಮಂಚ ತಿನ್ನುವ ಜಾಗವನ್ನು ಕಳೆಯುವ ಗೋಜಿಗೆ ಹೋಗಬೇಡಿ.

ಸಿಎಡಿಆರ್ ಹುಡುಕಿ

ಯಂತ್ರ ಒಂದು ಗಂಟೆಯಲ್ಲಿ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದೇ ಸಿಎಡಿಆರ್. ಫಿಲ್ಟರ್ ಎಷ್ಟೇ ಒಳ್ಳೆಯದಾಗಿದ್ದರೂ ಫ್ಯಾನ್ ಸೋಮಾರಿಯಾದರೆ ಈ ಅಂಕಿ ಮೇಲೇಳುವುದಿಲ್ಲ. ಕೆಲವು ಡಬ್ಬಗಳಲ್ಲಿ ಇದನ್ನು ನಿಮಿಷಕ್ಕೆ ಇಷ್ಟು ಘನ ಅಡಿ, ಅಂದರೆ ಸಿಎಫ್‌ಎಂ ಲೆಕ್ಕದಲ್ಲಿ ಬರೆದಿರುತ್ತಾರೆ. ಅದನ್ನು 1.7ರಿಂದ ಗುಣಿಸಿಕೊಳ್ಳಿ. ಹೊಗೆ, ಧೂಳು, ಪರಾಗ ಎಂದು ಮೂರು ಅಂಕಿ ಕೊಟ್ಟಿದ್ದರೆ ಹೊಗೆಯದನ್ನೇ ಹಿಡಿಯಿರಿ.

ಗಂಟೆಗೆ 5 ಸಲ ರೂಮಿನ ಅಷ್ಟೂ ಗಾಳಿಯಷ್ಟು ಶುದ್ಧ ಗಾಳಿ ಸಿಗಬೇಕು ಎಂಬ ಗುರಿ ಇಟ್ಟುಕೊಳ್ಳಿ. ನಮ್ಮ ರೂಮಿಗೆ 37ನ್ನು 5ರಿಂದ ಗುಣಿಸಿದರೆ 185. ನನ್ನ ಯಂತ್ರದ ಸಿಎಡಿಆರ್ 200 ಇತ್ತು. ಕಾಗದದ ಮೇಲೆ ಪಾಸ್!

ನೀವು ಮಲಗುವ ವೇಗಕ್ಕೆ ಲೆಕ್ಕ ಹಾಕಿ

ಡಬ್ಬದ ಮೇಲಿನ ಸಿಎಡಿಆರ್ ಪೂರ್ತಿ ವೇಗದ್ದು. ಆ ಸದ್ದಿನಲ್ಲಿ ಯಾರೂ ಮಲಗುವುದಿಲ್ಲ. ನನ್ನ ಯಂತ್ರದ ಕೈಪಿಡಿಯಲ್ಲಿ ಪ್ರತಿ ವೇಗಕ್ಕೂ ಬೇರೆ ಅಂಕಿ ಇತ್ತು. ಸ್ಲೀಪ್ ಮೋಡ್‌ನಲ್ಲಿ ಬರೀ 70. ಅಂದರೆ ಗಂಟೆಗೆ 5 ಸಲ ಹೋಗಿ ಸುಮಾರು 2 ಸಲಕ್ಕೆ ಇಳಿಯಿತು.

ಇದರಿಂದ ಏನಾಗುತ್ತದೆ? ರಾತ್ರಿ ಯಾರೋ ಬಾಗಿಲು ತೆಗೆದು ಹೊರಗಿನ ಹೊಗೆ ಒಳಗೆ ಬಂತು ಅನ್ನಿ. 5 ಸಲದ ಲೆಕ್ಕದಲ್ಲಿ ಅದು ಅರ್ಧಕ್ಕೆ ಇಳಿಯಲು 8 ನಿಮಿಷ ಸಾಕು. 2 ಸಲ ಆದರೆ 20 ನಿಮಿಷ ದಾಟುತ್ತದೆ.

ಹಾಗಾಗಿ ಎರಡನೇ ಸಲ 400 ಸಿಎಡಿಆರ್‌ನ ಯಂತ್ರ ತಂದೆ. ಅದು ಕಡಿಮೆ ಸದ್ದಿನ ವೇಗದಲ್ಲೇ 160 ಕೊಡುತ್ತದೆ. ಗಂಟೆಗೆ 4 ಸಲಕ್ಕಿಂತ ಜಾಸ್ತಿಯೇ ಆಯಿತು. ನೀವು ಕೊಳ್ಳುವ ಯಂತ್ರದಲ್ಲಿ ವೇಗವಾರು ಅಂಕಿ ಇಲ್ಲದಿದ್ದರೆ, ಲೆಕ್ಕಕ್ಕೆ ಬಂದದ್ದರ ಎರಡರಷ್ಟು ಸಿಎಡಿಆರ್ ಇರುವುದನ್ನು ನೋಡಿ. ಮೊದಲೇ ಒಂದು ಚಿಕ್ಕ ಯಂತ್ರ ತಂದುಬಿಟ್ಟಿದ್ದೀರಾ? ಮಲಗುವ ಅರ್ಧ ಗಂಟೆ ಮುಂಚೆ ಬಾಗಿಲು ಹಾಕಿ ಪೂರ್ತಿ ವೇಗದಲ್ಲಿ ಓಡಿಸಿ, ಆಮೇಲೆ ಇಳಿಸಿ. ಕಿಟಕಿ ಬಾಗಿಲು ಬಿಗಿಯಾಗಿದ್ದರೆ ಇದೂ ಸಾಕಷ್ಟು ಕೆಲಸ ಮಾಡುತ್ತದೆ.

ತಂದ ಮೇಲೆ

ಹಿಂಬದಿ ಮುಚ್ಚಳ ತೆಗೆದು ಫಿಲ್ಟರ್ ನೋಡಿ. ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಕವರ್ ಹಾಗೇ ಇರಬಹುದು! ತಿಂಗಳುಗಟ್ಟಲೆ ಕವರಿನ ಸಮೇತ ಓಡಿಸಿದವರಿದ್ದಾರೆ. ಗೋಡೆಯಿಂದ, ಪರದೆಯಿಂದ ಒಂದಡಿ ದೂರ ಇಡಿ. ಹೊರಗಿನ ಜಾಲರಿಯ ಧೂಳನ್ನು ಆಗಾಗ ತೆಗೆಯಿರಿ. ಸಣ್ಣ ಕಣಗಳನ್ನು ಹಿಡಿಯುವ ಒಳಗಿನ ಹೆಪಾ ಫಿಲ್ಟರನ್ನು ಮಾತ್ರ ತೊಳೆಯಬೇಡಿ, ಹಾಳಾಗುತ್ತದೆ. ಫಿಲ್ಟರ್ ಕಟ್ಟಿಕೊಂಡಂತೆಲ್ಲ ಸಿಎಡಿಆರ್ ಇಳಿಯುತ್ತದೆ. ಅದೇ ವೇಗದಲ್ಲಿ ಹೊರಬರುವ ಗಾಳಿ ಮೊದಲಿನಷ್ಟು ಜೋರಿಲ್ಲ ಅನ್ನಿಸಿದರೆ ಫಿಲ್ಟರ್ ಬದಲಿಸುವ ಹೊತ್ತು ಬಂದಿದೆ.

ಒಂದು ಕೆಲಸ ಮಾತ್ರ ಈ ಯಂತ್ರದಿಂದ ಆಗುವುದಿಲ್ಲ. ಮುಚ್ಚಿದ ರೂಮಿನಲ್ಲಿ ಇಬ್ಬರು ಮಲಗಿದರೆ ಉಸಿರಿನ ಕಾರ್ಬನ್ ಡೈಆಕ್ಸೈಡ್ ಬೆಳಗಿನವರೆಗೂ ಏರುತ್ತಲೇ ಹೋಗುತ್ತದೆ. ಹೆಪಾ ಅದನ್ನು ಹಿಡಿಯುವುದಿಲ್ಲ. ಬೆಳಗ್ಗೆ ತಲೆ ಭಾರ, ರೂಮಿನಲ್ಲಿ ಒಂಥರಾ ಮುಗ್ಗಲು ಅನ್ನಿಸಿದರೆ ಸಿಎಡಿಆರ್ ಹೆಚ್ಚಿಸಿ ಪ್ರಯೋಜನವಿಲ್ಲ, ಹೊಸ ಗಾಳಿ ಬರಬೇಕು. ನಾವು ಹಾಲ್ ಕಡೆಯ ಬಾಗಿಲನ್ನು ಎರಡು ಬೆರಳಷ್ಟು ತೆರೆದಿಡುತ್ತೇವೆ. ಆ ಸಂದಿಯಿಂದ ಧೂಳೂ ಬರುತ್ತದಲ್ಲ, ಅದಕ್ಕೆ ಪ್ಯೂರಿಫೈಯರ್ ವೇಗ ಒಂದು ಮೆಟ್ಟಿಲು ಮೇಲೆ. ದೊಡ್ಡ ಯಂತ್ರವಾದ್ದರಿಂದ ಆ ಸದ್ದಿಗೂ ಈಗ ಯಾರೂ ಏಳುವುದಿಲ್ಲ.